ತಾರಸಿಯ ಸೋಲಾರ್ ಫ್ರೇಮ್: ಬೋಲ್ಟ್, ಸೋರಿಕೆ, ಗಾಳಿ – ಪದೇ ಪದೇ ಕೇಳುವ ಪ್ರಶ್ನೆಗಳು

ಸೋಲಾರ್ ಹಾಕಿಸುವವರು ಪ್ಯಾನೆಲ್ ಬಗ್ಗೆ, ಇನ್ವರ್ಟರ್ ಬಗ್ಗೆ ನೂರು ಪ್ರಶ್ನೆ ಕೇಳುತ್ತಾರೆ. ಫ್ರೇಮಿನ ಕಾಲು ಸ್ಲ್ಯಾಬಿಗೆ ಕೂರುವ ಜಾಗದ ಬಗ್ಗೆ ಕೇಳುವುದು ಮಾತ್ರ ಗಾಳಿಗೆ ಏನಾದರೂ ಆದಮೇಲೆ, ಇಲ್ಲವೇ ಕೆಳಗಿನ ಕೋಣೆಯ ಸೀಲಿಂಗ್ ಒದ್ದೆಯಾದ ಮೇಲೆ. ಇಲ್ಲಿರುವುದೆಲ್ಲ ಆ ಜಾಗದ ಪ್ರಶ್ನೆಗಳೇ.

ಎಲ್ಲ ಉತ್ತರಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳುತ್ತೇನೆ. ಕಾಂಕ್ರೀಟ್ ತಾರಸಿ, ಸ್ಲ್ಯಾಬ್ ದಪ್ಪ 125 ಮಿ.ಮೀ., ಅದರ ಮೇಲೆ ನೀರು ಹರಿಯಲು ಇಳಿಜಾರು ಕೊಟ್ಟ 60 ಮಿ.ಮೀ. ಗಾರೆ ಪದರ. 540 ವ್ಯಾಟ್ ಆಸುಪಾಸಿನ 6 ಪ್ಯಾನೆಲ್, ಒಂದೇ ಸಾಲು, ಉದ್ದುದ್ದ ನಿಲ್ಲಿಸಿದ್ದು, 15 ಡಿಗ್ರಿ ಓರೆ. ಮುಂದೆ 4 ಗಿಡ್ಡ ಕಾಲು, ಹಿಂದೆ 4 ಎತ್ತರದ ಕಾಲು.

ಪ್ಯಾನೆಲ್, ಫ್ರೇಮ್ ಎಲ್ಲ ಸೇರಿ 300 ಕೆಜಿ ತೂಗುತ್ತೆ. ಅಷ್ಟು ಭಾರ ಇರುವುದು ಗಾಳಿಗೆ ಹಾರುತ್ತಾ?

ಹಾರುತ್ತೆ. ತೂಕ 300 ಕೆಜಿ ಇದ್ದರೂ ಅದು ಹರಡಿರುವುದು ಹದಿನೈದೂವರೆ ಚದರ ಮೀಟರ್ ಮೇಲೆ. ಅಂದರೆ ಚದರ ಮೀಟರಿಗೆ 20 ಕೆಜಿಯೂ ಇಲ್ಲ. ಓರೆಯಾಗಿ ನಿಂತ ಪ್ಯಾನೆಲ್‌ಗೆ ಹಿಂದಿನಿಂದ, ಅಂದರೆ ಎತ್ತರದ ಕಡೆಯಿಂದ ಗಾಳಿ ಬಂದರೆ ಅದು ಅಡಿಗೆ ನುಗ್ಗಿ ಮೇಲಕ್ಕೆ ಒತ್ತುತ್ತದೆ, ಅದೇ ಹೊತ್ತಿಗೆ ಮೇಲ್ಮೈಯ ಮೇಲೆ ಹಾದು ಹೋಗುವ ಗಾಳಿ ಮೇಲಕ್ಕೆ ಎಳೆಯುತ್ತದೆ. ಎರಡೂ ಒಂದೇ ದಿಕ್ಕಿಗೆ ಕೂಡುತ್ತವೆ. ಬಿರುಗಾಳಿಗೆ ಕೊಡೆ ಹಿಡಿದವರಿಗೆ ಇದು ಗೊತ್ತಿರುತ್ತೆ.

ಹಾಗಾಗಿ ಫ್ರೇಮಿನ ಕಾಲಿಗೆ ಎರಡು ಕೆಲಸ. ದಿನವೂ ತೂಕ ಹೊರುವುದು ಸುಲಭದ್ದು. ವರ್ಷಕ್ಕೆ ಒಂದೆರಡು ಸಲ ನೆಲ ಬಿಡದೆ ಹಿಡಿದುಕೊಳ್ಳುವುದು ಕಷ್ಟದ್ದು. ಬೋಲ್ಟ್ ಇರುವುದು ಈ ಎರಡನೆಯದಕ್ಕೆ.

ಗಾಳಿ ಎಷ್ಟು ಎಳೆಯುತ್ತೆ ಅಂತ ನಾವೇ ಲೆಕ್ಕ ಹಾಕಬಹುದಾ?

ಅಂದಾಜು ಲೆಕ್ಕ ಹಾಕಬಹುದು. ಮೂಲ ಸೂತ್ರ ಇಷ್ಟೇ:

```
p = 0.6 × V²
```

V ಅಂದರೆ ಸೆಕೆಂಡಿಗೆ ಎಷ್ಟು ಮೀಟರ್ ಗಾಳಿ ಬೀಸುತ್ತೆ ಅನ್ನುವುದು. p ಅಂದರೆ ಚದರ ಮೀಟರಿಗೆ ಎಷ್ಟು ನ್ಯೂಟನ್ ಒತ್ತಡ ಅನ್ನುವುದು. ಕೆಜಿಗೆ ತರಲು 9.8ರಿಂದ ಭಾಗಿಸಿ. ಇಲ್ಲಿ ನೋಡಬೇಕಾದ್ದು ವರ್ಗ. ಗಾಳಿ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. "ಮೊನ್ನೆ ಅಷ್ಟು ಗಾಳಿ ಬಂತು, ಏನೂ ಆಗಲಿಲ್ಲ" ಅನ್ನುವ ಧೈರ್ಯ ಇಲ್ಲೇ ಕೈಕೊಡುವುದು. ಗಂಟೆಗೆ 70 ಕಿ.ಮೀ. ಗಾಳಿ ತಡೆದ ಫ್ರೇಮ್, 140 ಕಿ.ಮೀ. ಗಾಳಿಯಲ್ಲಿ ಅದರ ನಾಲ್ಕರಷ್ಟು ಎಳೆತ ತಡೆಯಬೇಕು.

ನಮ್ಮ ಉದಾಹರಣೆಗೆ ಸೆಕೆಂಡಿಗೆ 39 ಮೀಟರ್ ಹಿಡಿಯೋಣ, ಗಂಟೆಗೆ ಸುಮಾರು 140 ಕಿ.ಮೀ. ಒತ್ತಡ 0.6 × 39 × 39, ಅಂದರೆ 912 ನ್ಯೂಟನ್, ಚದರ ಮೀಟರಿಗೆ ಸುಮಾರು 93 ಕೆಜಿ. ಅಡಿ ತೆರೆದಿರುವ ಓರೆ ಪ್ಯಾನೆಲ್‌ನಲ್ಲಿ ಕೆಳಗಿನ ಒತ್ತು, ಮೇಲಿನ ಎಳೆತ ಎರಡೂ ಸೇರುವುದರಿಂದ ಇದನ್ನು ಒಂದು ಗುಣಾಂಕದಿಂದ ಗುಣಿಸಬೇಕು. ಲೆಕ್ಕಕ್ಕೆ 1.4 ಇರಲಿ. ಆಗ ಚದರ ಮೀಟರಿಗೆ 130 ಕೆಜಿ. 15.5 ಚದರ ಮೀಟರಿಗೆ ಸುಮಾರು 2000 ಕೆಜಿ. ಎರಡು ಟನ್, ಅದೂ ಮೇಲಕ್ಕೆ.

ವಿನ್ಯಾಸ ಮಾಡುವವರು ಇಲ್ಲಿಗೆ ನಿಲ್ಲಿಸುವುದಿಲ್ಲ. ಗಾಳಿಯ ಎಳೆತವನ್ನು ಒಂದೂವರೆ ಪಟ್ಟು ಹಿಡಿಯುತ್ತಾರೆ, ನಮಗೆ ಸಹಾಯ ಮಾಡುವ ತೂಕವನ್ನು ಹತ್ತು ಪರ್ಸೆಂಟ್ ಕಡಿಮೆ ಹಿಡಿಯುತ್ತಾರೆ. 3000 ಕೆಜಿಯಲ್ಲಿ 270 ಕಳೆದರೆ 2730 ಕೆಜಿ. ಬೋಲ್ಟುಗಳೆಲ್ಲ ಸೇರಿ ಇಷ್ಟನ್ನು ಹಿಡಿಯಬೇಕು.

ನಿಮ್ಮ ಊರಿಗೆ ಯಾವ ಗಾಳಿ ವೇಗ, ಎಷ್ಟು ಗುಣಾಂಕ ಅನ್ನುವುದು ನಿಮ್ಮಲ್ಲಿ ಜಾರಿಯಲ್ಲಿರುವ ಕಟ್ಟಡ ನಿಯಮದಲ್ಲಿರುತ್ತದೆ. ಕಟ್ಟಡದ ಎತ್ತರ, ಸುತ್ತ ಬಯಲೋ ಮನೆಗಳೋ ಅನ್ನುವುದೂ ಸೇರಿಕೊಳ್ಳುತ್ತೆ. ಸಹಿ ಹಾಕುವ ಲೆಕ್ಕ ಎಂಜಿನಿಯರ್ ಮಾಡಲಿ. ಆದರೆ ಉತ್ತರ ಕೆಜಿಯಲ್ಲಿ ಬರುತ್ತೋ ಟನ್‌ನಲ್ಲಿ ಬರುತ್ತೋ ಅನ್ನುವುದು ನಿಮಗೂ ಗೊತ್ತಿರಬೇಕು, ಅಲ್ವಾ?

8 ಕಾಲಿದೆ, ಒಂದಕ್ಕೆ 340 ಕೆಜಿ ಅಂದುಕೊಂಡರೆ ಆಯ್ತಲ್ಲ?

ಆಗಲ್ಲ. ಎಳೆತ ಎಂಟು ಕಾಲಿಗೂ ಸಮನಾಗಿ ಹಂಚಿಹೋಗುವುದಿಲ್ಲ. ಹಿಂದಿನಿಂದ ಗಾಳಿ ಬಂದಾಗ ಎಳೆತದ ಬಿಂದು ಪ್ಯಾನೆಲ್‌ನ ನಡುವೆ ಇರದೆ, ಗಾಳಿ ನುಗ್ಗುವ ಎತ್ತರದ ಅಂಚಿನ ಹತ್ತಿರಕ್ಕೆ ಸರಿಯುತ್ತದೆ. ಆ ಅಂಚಿನಿಂದ ಪ್ಯಾನೆಲ್ ಉದ್ದದ ಶೇಕಡ 30ರಷ್ಟು ಒಳಗೆ ಅಂದುಕೊಳ್ಳಿ. ಕಾಲುಗಳು ಎರಡೂ ತುದಿಯಿಂದ ಶೇಕಡ 20 ಒಳಗಿದ್ದರೆ, ಸನ್ನೆಕೋಲಿನ ಸರಳ ಲೆಕ್ಕದಲ್ಲಿ ಹಿಂದಿನ ಕಾಲುಗಳ ಪಾಲಿಗೆ ಶೇಕಡ 83 ಬರುತ್ತೆ.

2730ರಲ್ಲಿ ಶೇಕಡ 83 ಅಂದರೆ ಸುಮಾರು 2270 ಕೆಜಿ. ಹಿಂದಿನ 4 ಕಾಲಿಗೆ ಹಂಚಿದರೆ ಒಂದಕ್ಕೆ 570 ಕೆಜಿ. ಮುಂದಿನ ಒಂದೊಂದು ಕಾಲಿಗೆ 115 ಆಸುಪಾಸು. ಎಂಟು ಕಾಲಿಗೂ ಒಂದೇ ಥರ ಎರಡೆರಡು ಬೋಲ್ಟ್ ಹೊಡೆದು ಹೋಗುವುದು ಎಲ್ಲ ಕಡೆ ಕಾಣುವ ಪದ್ಧತಿ. ಹಿಂದಿನ ಕಾಲಿಗೆ 4 ಬೋಲ್ಟ್ ಕೇಳಿ. ಎರಡಿದ್ದರೆ ಬೋಲ್ಟಿಗೆ 285 ಕೆಜಿ, ನಾಲ್ಕಿದ್ದರೆ 143. ನಾಲ್ಕಿದ್ದಾಗ ಇನ್ನೊಂದು ಲಾಭ, ಒಂದು ಬೋಲ್ಟ್ ಸರಿಯಾಗಿ ಕೂರದಿದ್ದರೂ ಉಳಿದವು ಹೊರುತ್ತವೆ.

ಕಾಲಿನ ಬುಡದಲ್ಲಿರುವ ಬೇಸ್ ಪ್ಲೇಟ್ ದಪ್ಪವನ್ನೂ ನೋಡಿ. 4–5 ಮಿ.ಮೀ. ತೆಳು ಪ್ಲೇಟ್ ಮೇಲಕ್ಕೆ ಎಳೆದಾಗ ಬಾಗುತ್ತೆ, ಬಾಗಿದ ಪ್ಲೇಟ್ ತನ್ನ ಅಂಚನ್ನು ಊರಿಕೊಂಡು ಬೋಲ್ಟನ್ನು ಮೀಟುತ್ತೆ. ಆಗ ಲೆಕ್ಕಕ್ಕಿಂತ ಜಾಸ್ತಿ ಎಳೆತ ಬೋಲ್ಟಿಗೆ ಬೀಳುತ್ತದೆ. 8 ಅಥವಾ 10 ಮಿ.ಮೀ. ಇರಲಿ.

100 ಮಿ.ಮೀ. ಉದ್ದದ, 10 ಮಿ.ಮೀ. ದಪ್ಪದ ಎಂ10 ಬೋಲ್ಟ್ ಹಾಕಿದ್ದಾರೆ. ಸಾಕಲ್ವಾ?

ಈ ಪುಟದಲ್ಲಿ ಒಂದೇ ಪ್ರಶ್ನೆ ಓದುವ ಸಮಯ ಇದ್ದರೆ ಇದನ್ನು ಓದಿ.

ಬೋಲ್ಟ್ ಹಿಡಿಯುವುದು ಸ್ಲ್ಯಾಬಿನ ಕಾಂಕ್ರೀಟನ್ನು. ಅದರ ಮೇಲಿನ ಗಾರೆ, ಇಟ್ಟಿಗೆ ಚೂರಿನ ಪದರ, ಟೈಲ್ಸ್, ವಾಟರ್‌ಪ್ರೂಫಿಂಗ್ ಇವು ಯಾವುವೂ ಹಿಡಿತ ಕೊಡುವುದಿಲ್ಲ. ಅವು ಸ್ಲ್ಯಾಬಿಗೆ ಅಂಟಿಕೊಂಡಿವೆ ಅಷ್ಟೇ, ಕೆಲವು ಕಡೆ ಅದೂ ಇಲ್ಲ. ಈಗ ನಮ್ಮ ತಾರಸಿಯಲ್ಲಿ 100 ಮಿ.ಮೀ. ಬೋಲ್ಟ್ ಎಲ್ಲಿ ಹೋಯಿತು ನೋಡಿ. ಬೇಸ್ ಪ್ಲೇಟ್, ವಾಷರ್, ನಟ್‌ಗೆ ಮೇಲೆ 20 ಮಿ.ಮೀ. ಹೋಯಿತು. ಉಳಿದ 80ರಲ್ಲಿ ಗಾರೆ ಪದರ 60 ತಿಂದಿತು. ಕಾಂಕ್ರೀಟ್ ಒಳಗೆ ಇಳಿದದ್ದು 20 ಮಿ.ಮೀ.

20 ಇದ್ದರೆ, ಕಾಂಕ್ರೀಟ್ ಒಳಗೆ 60 ಮಿ.ಮೀ. ಇಳಿದ ಬೋಲ್ಟಿನ ಮೂರನೇ ಒಂದು ಭಾಗದಷ್ಟು ಶಕ್ತಿ ಅಂತ ಅನಿಸಬಹುದು. ಅದಕ್ಕಿಂತ ಕಡಿಮೆ. ಬೋಲ್ಟ್ ಕಿತ್ತು ಬರುವಾಗ ಕಾಂಕ್ರೀಟನ್ನು ಶಂಕುವಿನ ಆಕಾರದಲ್ಲಿ ಒಡೆದುಕೊಂಡು ಬರುತ್ತೆ. ಆಳ ಕಡಿಮೆಯಾದಂತೆ ಆ ಶಂಕುವಿನ ಎತ್ತರವೂ ಅಗಲವೂ ಒಟ್ಟಿಗೆ ಕುಗ್ಗುತ್ತವೆ. ಶಕ್ತಿ ಆಳದ ಒಂದೂವರೆ ಘಾತದ ಲೆಕ್ಕದಲ್ಲಿ ಇಳಿಯುತ್ತದೆ. ಮೂರನೇ ಒಂದು ಆಳಕ್ಕೆ ಸಿಗುವುದು ಐದನೇ ಒಂದು ಶಕ್ತಿ. ಜೊತೆಗೆ ಸ್ಲ್ಯಾಬಿನ ಮೇಲ್ಮೈ ಕಾಂಕ್ರೀಟ್ ಒಳಗಿನಷ್ಟು ಗಟ್ಟಿ ಇರುವುದಿಲ್ಲ. ಎಕ್ಸ್‌ಪ್ಯಾನ್ಶನ್ ಬೋಲ್ಟ್ ಆದರೆ ತುದಿಯ ಕ್ಲಿಪ್ ಬಿರಿಯಲಿಕ್ಕೂ 20 ಮಿ.ಮೀ.ನಲ್ಲಿ ಸರಿಯಾದ ಜಾಗ ಸಿಗಲ್ಲ.

ಪದರ ಎಷ್ಟು ದಪ್ಪ ಅಂತ ತಿಳಿಯಲು ಡ್ರಿಲ್ ಮಾಡುವಾಗ ಪಕ್ಕದಲ್ಲಿ ನಿಂತರೆ ಸಾಕು. ಶುರುವಿನಲ್ಲಿ ಬಿಟ್ ಸರಾಗವಾಗಿ ಇಳಿಯುತ್ತೆ, ಹುಡಿ ಮರಳು ಮರಳಾಗಿ ಬರುತ್ತೆ, ಇಟ್ಟಿಗೆ ಇದ್ದರೆ ಕೆಂಪಾಗಿರುತ್ತೆ. ಸ್ಲ್ಯಾಬ್ ಮುಟ್ಟಿದ ತಕ್ಷಣ ಸದ್ದು ಗಡುಸಾಗುತ್ತೆ, ಇಳಿಯುವ ವೇಗ ಕಡಿಮೆಯಾಗುತ್ತೆ, ಹುಡಿ ನಯವಾದ ಬೂದು ಬಣ್ಣಕ್ಕೆ ತಿರುಗುತ್ತೆ. ಅಲ್ಲಿ ನಿಲ್ಲಿಸಿ ಆಳ ಅಳೆದುಕೊಳ್ಳಿ. ಹಿಡಿತದ ಲೆಕ್ಕ ಅಲ್ಲಿಂದ ಶುರು. ನೀರು ಹೋಗುವ ಕೊಳವೆಯ ಹತ್ತಿರ ಪದರ ತೆಳುವಾಗಿರುತ್ತೆ, ಎದುರು ಮೂಲೆಯಲ್ಲಿ ಅದರ ಎರಡು ಮೂರು ಪಟ್ಟು ದಪ್ಪ ಇರುತ್ತೆ. ಹಾಗಾಗಿ ಒಂದು ತೂತು ನೋಡಿ ಎಲ್ಲದಕ್ಕೂ ಒಂದೇ ಉದ್ದದ ಬೋಲ್ಟ್ ತರಿಸಬೇಡಿ.

125 ಮಿ.ಮೀ. ಸ್ಲ್ಯಾಬಿನಲ್ಲಿ ಎಂ10ಕ್ಕೆ 60 ಮಿ.ಮೀ. ಹಿಡಿತ ಒಳ್ಳೆಯದು. ಹಾಗಂತ ಜಾಸ್ತಿ ಆಳಕ್ಕೂ ಹೋಗುವ ಹಾಗಿಲ್ಲ, ಸ್ಲ್ಯಾಬ್ ದಪ್ಪ ಹಿಡಿತದ ಎರಡರಷ್ಟಾದರೂ ಇರಬೇಕು ಅನ್ನುವುದು ರೂಢಿ. 100 ಮಿ.ಮೀ. ಸ್ಲ್ಯಾಬಾದರೆ 50ಕ್ಕೆ ನಿಲ್ಲಿಸಿ, ಬೋಲ್ಟ್ ಸಂಖ್ಯೆ ಹೆಚ್ಚಿಸಿ.

ಎಕ್ಸ್‌ಪ್ಯಾನ್ಶನ್ ಬೋಲ್ಟೋ ಕೆಮಿಕಲ್ ಆಂಕರೋ?

ತಾರಸಿಗೆ ನನ್ನ ಓಟು ಕೆಮಿಕಲ್‌ಗೆ. ಎಕ್ಸ್‌ಪ್ಯಾನ್ಶನ್ ಬೋಲ್ಟ್ ತನ್ನ ತುದಿಯಿಂದ ಕಾಂಕ್ರೀಟನ್ನು ಪಕ್ಕಕ್ಕೆ ಒತ್ತಿ ಹಿಡಿಯುತ್ತದೆ. ತುದಿಯಿಂದ ಮೇಲಕ್ಕೆ ಬೋಲ್ಟಿನ ಸುತ್ತ ಸಣ್ಣ ಸಂದು ಹಾಗೇ ಉಳಿಯುತ್ತೆ. ಆ ಸಂದು ನೀರಿಗೆ ಸಿದ್ಧ ದಾರಿ. ಕೆಮಿಕಲ್ ಆಂಕರ್ ಆದರೆ ಅಂಟು ತೂತನ್ನು ಪೂರ್ತಿ ತುಂಬುತ್ತೆ. ಹಿಡಿತವೂ ಆಯಿತು, ಸೀಲೂ ಆಯಿತು. ಅಂಚಿನ ಹತ್ತಿರ ಕಾಂಕ್ರೀಟ್ ಸೀಳುವ ಭಯವೂ ಕಡಿಮೆ.

ಆದರೆ ಕೆಮಿಕಲ್ ಹೆಚ್ಚಾಗಿ ಕೆಡುವುದು ತೂತು ಸ್ವಚ್ಛ ಮಾಡದಿದ್ದಾಗ. ಗೋಡೆಗೆ ಹುಡಿ ಅಂಟಿದ್ದರೆ ಅಂಟು ಹಿಡಿಯುವುದು ಆ ಹುಡಿಯನ್ನು. ಗಾಳಿ ಊದಬೇಕು, ತಂತಿ ಬ್ರಷ್ ಹಾಕಿ ಉಜ್ಜಬೇಕು, ಮತ್ತೆ ಊದಬೇಕು. ಹುಡಿ ಬರುವುದು ನಿಲ್ಲುವವರೆಗೆ ಇದನ್ನೇ ಮಾಡಬೇಕು. ಬಾಯಲ್ಲಿ ಊದಿ ಮುಗಿಸುವವರಿದ್ದಾರೆ, ಬಿಡಬೇಡಿ, ಕೈಪಂಪ್ ಬೇಕು. ಅಂಟಿನಲ್ಲಿ ನಿಲ್ಲಿಸುವ ಸರಳು, ಅಂದರೆ ಸ್ಟಡ್, ಎಂ10 ಆದರೆ ಸಾಮಾನ್ಯವಾಗಿ 12 ಮಿ.ಮೀ. ತೂತು, ಎಂ12ಕ್ಕೆ 14. ಟ್ಯೂಬಿನಿಂದ ಮೊದಲು ಬರುವ ಅಂಟಿನಲ್ಲಿ ಎರಡು ಭಾಗ ಸರಿಯಾಗಿ ಬೆರೆತಿರುವುದಿಲ್ಲ, ಬಣ್ಣ ಒಂದೇ ಸಮ ಬರುವವರೆಗೆ ಹೊರಗೆ ಹಿಂಡಿ ಎಸೆಯಬೇಕು. ಆಮೇಲೆ ತೂತಿನ ತಳದಿಂದ ತುಂಬಿಕೊಂಡು ಬಂದು, ಸ್ಟಡ್ಡನ್ನು ತಿರುಗಿಸುತ್ತ ಒಳಗೆ ತಳ್ಳಬೇಕು. ಬಾಯಲ್ಲಿ ಸ್ವಲ್ಪ ಅಂಟು ಉಕ್ಕಿ ಹೊರಗೆ ಬಂದರೆ ಪೂರ್ತಿ ತುಂಬಿದೆ ಅಂತ ಅರ್ಥ. ಉಕ್ಕದಿದ್ದರೆ ತೆಗೆದು ಮತ್ತೆ ತುಂಬಿ. ಟ್ಯೂಬಿನ ಮೇಲೆ ಬರೆದಿರುವಷ್ಟು ಹೊತ್ತು ಯಾರೂ ಅದನ್ನು ಮುಟ್ಟಬಾರದು, ನಟ್ ಬಿಗಿಯುವುದು ಆಮೇಲೆ.

ಡ್ರಿಲ್ ಮಾಡುವಾಗ ಕಂಬಿ ಸಿಕ್ಕಿತು. ಏನು ಮಾಡೋದು?

ತೂತನ್ನು ಬಿಟ್ಟು ಪಕ್ಕಕ್ಕೆ ಸರಿಯಿರಿ. ಕಂಬಿ ಕೊರೆದುಕೊಂಡು ಹೋಗಬೇಡಿ. ಬಿಟ್ಟ ತೂತಿನ ಆಳದ ಎರಡರಷ್ಟಾದರೂ ದೂರದಲ್ಲಿ ಹೊಸ ತೂತು ಇರಲಿ, ಹಳೆಯದನ್ನು ಅದೇ ಕೆಮಿಕಲ್‌ನಿಂದಲೋ ಕುಗ್ಗದ ಗ್ರೌಟ್‌ನಿಂದಲೋ ತುಂಬಿ. ಖಾಲಿ ಬಿಟ್ಟ ತೂತಿನಿಂದಲೂ ಸೋರುತ್ತೆ. ಇನ್ನೊಂದು, ಸ್ಲ್ಯಾಬಿನೊಳಗೆ ಕರೆಂಟಿನ ಪೈಪ್ ಹೋಗಿರಬಹುದು. ಕೆಳಗಿನ ಕೋಣೆಯಲ್ಲಿ ಫ್ಯಾನ್ ಬಾಕ್ಸ್, ಲೈಟ್ ಪಾಯಿಂಟ್ ಎಲ್ಲಿದೆ ನೋಡಿಕೊಂಡು ಅವುಗಳ ನಡುವಿನ ನೇರ ಸಾಲನ್ನು ತಪ್ಪಿಸಿ.

ಸ್ಲ್ಯಾಬಿಗೆ ತೂತು ಹಾಕಿದರೆ ಸೋರುವುದು ಗ್ಯಾರಂಟಿ ಅಂತಾರೆ, ನಿಜವಾ?

ಬೇಸ್ ಪ್ಲೇಟನ್ನು ನೇರವಾಗಿ ತಾರಸಿಯ ಮೇಲೆ ಕೂರಿಸಿ ಬೋಲ್ಟ್ ಹೊಡೆದರೆ ಹೆಚ್ಚು ಕಡಿಮೆ ನಿಜ. ಇವತ್ತಲ್ಲದಿದ್ದರೆ ಇನ್ನು ಕೆಲವು ಮಳೆಗಾಲಕ್ಕೆ. ಬೋಲ್ಟಿನ ಬಾಯಿ ನೀರು ಹರಿಯುವ ಮಟ್ಟದಲ್ಲೇ ಇರುತ್ತೆ. ಗಾಳಿಗೆ ಕಾಲು ಸ್ವಲ್ಪ ಸ್ವಲ್ಪವೇ ಅಲುಗುತ್ತಾ ಇರುತ್ತೆ, ಬಿಸಿಲಿಗೆ ಫ್ರೇಮ್ ಹಿಗ್ಗಿ ಕುಗ್ಗುತ್ತೆ. ಅಲ್ಲಿ ಮೆತ್ತಿದ ಸಿಮೆಂಟ್ ಮೊದಲು ಬಿರುಕು ಬಿಡುತ್ತೆ.

ಇದಕ್ಕೆ ಮದ್ದು ಬೋಲ್ಟಿನ ಬಾಯಿಯನ್ನೇ ನೀರಿನ ಮಟ್ಟದಿಂದ ಮೇಲಕ್ಕೆ ಒಯ್ಯುವುದು. ಅಂದರೆ ಪ್ರತಿ ಕಾಲಿನ ಕೆಳಗೆ ಒಂದು ಕಾಂಕ್ರೀಟ್ ಪೆಡೆಸ್ಟಲ್. ಹೀಗೆ ಮಾಡಿಸಿ.

ಕಾಲು ಬರುವ ಜಾಗದಲ್ಲಿ 400 × 400 ಮಿ.ಮೀ. ಅಳತೆಗೆ ಮೇಲಿನ ಗಾರೆ ಪದರವನ್ನು ಕಟ್ಟರ್‌ನಲ್ಲಿ ಗೀರಿ ಒಡೆದು, ಸ್ಲ್ಯಾಬ್ ಕಾಣುವವರೆಗೆ ತೆಗೆಯಬೇಕು. ಸ್ಲ್ಯಾಬ್ ಮೈಯನ್ನು ಉಳಿಯಿಂದ ಒರಟು ಮಾಡಿ ತೊಳೆಯಬೇಕು. ಸ್ಲ್ಯಾಬಿಗೆ 10 ಮಿ.ಮೀ. ಕಂಬಿ ನಾಲ್ಕು, 60 ಮಿ.ಮೀ. ಒಳಗೆ ಹೋಗುವ ಹಾಗೆ, ಕೆಮಿಕಲ್ ಹಾಕಿ ನಿಲ್ಲಿಸಬೇಕು. ಮೇಲ್ತುದಿ ಬಾಗಿರಲಿ. ಆ ಕಂಬಿಗಳಿಗೆ ರಿಂಗ್ ಕಟ್ಟಿ, 300 × 300 ಅಳತೆಯ ಪೆಟ್ಟಿಗೆ ಇಟ್ಟು ಕಾಂಕ್ರೀಟ್ ತುಂಬಬೇಕು. ಬೇಸ್ ಪ್ಲೇಟ್ ಹಿಡಿಯುವ ಬೋಲ್ಟುಗಳನ್ನು ಹಸಿ ಕಾಂಕ್ರೀಟ್‌ನಲ್ಲೇ ಟೆಂಪ್ಲೇಟ್ ಇಟ್ಟು ನಿಲ್ಲಿಸಿ. ಜೆ ಆಕಾರದ ಬೋಲ್ಟ್ 200 ಮಿ.ಮೀ. ಒಳಗೆ ಹೋದರೆ ಅದು ಕಿತ್ತು ಬರುವ ಮಾತೇ ಇಲ್ಲ. ಪೆಡೆಸ್ಟಲ್ ತಲೆ ಮುಗಿದ ತಾರಸಿಯಿಂದ 200–250 ಮಿ.ಮೀ. ಮೇಲಿರಲಿ. ವಾರ ಪೂರ್ತಿ ನೀರು ಹಾಕಿ ಕ್ಯೂರ್ ಮಾಡಿ, ಆಮೇಲೆ ಫ್ರೇಮ್ ಏರಿಸಿ.

ನೀರಿನ ಕೆಲಸ ಬರುವುದು ಪೆಡೆಸ್ಟಲ್ ಬುಡದಲ್ಲಿ. ಒಡೆದ ಪದರವನ್ನು ಗಾರೆಯಿಂದ ತುಂಬಿ, ಪೆಡೆಸ್ಟಲ್ ಗೋಡೆ ತಾರಸಿಗೆ ಸೇರುವ ಮೂಲೆಯಲ್ಲಿ 50 ಮಿ.ಮೀ. ಓರೆ ಗಾರೆ ಕೊಡಿ. ಚೂಪು ಮೂಲೆಯಲ್ಲಿ ಯಾವ ಕೋಟಿಂಗೂ ಬಾಳಲ್ಲ. ಅದರ ಮೇಲೆ ಜಾಲರಿ ಬಟ್ಟೆ ಕೂರಿಸಿ, ಎಳೆದರೆ ಹಿಗ್ಗುವ ವಾಟರ್‌ಪ್ರೂಫ್ ಕೋಟಿಂಗ್ ಎರಡು ಸಲ. ಗೋಡೆಯ ಮೇಲೆ 150 ಮಿ.ಮೀ., ತಾರಸಿಯ ಮೇಲೆ ಹಳೆಯ ಗಟ್ಟಿ ಪದರವನ್ನು ದಾಟಿ 150 ಮಿ.ಮೀ. ಹರಡಬೇಕು.

ಪೆಡೆಸ್ಟಲ್ ಜಾಗ ಗುರುತಿಸುವ ಮೊದಲು ಒಂದು ಬಕೆಟ್ ನೀರು ಸುರಿದು ಹರಿಯುವ ದಾರಿ ನೋಡಿ. ದಾರಿಗೆ ಅಡ್ಡ ಇಟ್ಟರೆ ಪ್ರತಿ ಪೆಡೆಸ್ಟಲ್ ಹಿಂದೆ ಒಂದು ಹೊಂಡ ಆಗುತ್ತೆ.

ತೂತೇ ಬೇಡ, ರೆಡಿಮೇಡ್ ಕಾಂಕ್ರೀಟ್ ಬ್ಲಾಕ್ ಇಟ್ಟು ಅದಕ್ಕೆ ಬೋಲ್ಟ್ ಮಾಡಿದರೆ?

ಉದ್ದ, ಅಗಲ, ಎತ್ತರ ಮೂರೂ 300 ಮಿ.ಮೀ. ಇರುವ ಬ್ಲಾಕ್ ಒಂದು 65 ಕೆಜಿ. ಎಂಟು ಸೇರಿ 520 ಕೆಜಿ. ನಮಗೆ ಬೇಕಾದ್ದು? ಅದೇ ಲೆಕ್ಕದಲ್ಲಿ 3000 ಕೆಜಿ ಎಳೆತಕ್ಕೆ, ತೂಕವನ್ನು ಹತ್ತು ಪರ್ಸೆಂಟ್ ಕಡಿಮೆ ಹಿಡಿದರೆ, ಒಟ್ಟು 3300 ಕೆಜಿ. ಫ್ರೇಮಿನ 300 ಕಳೆದರೂ ಮೂರು ಟನ್ ಕಾಂಕ್ರೀಟ್. ಅಷ್ಟನ್ನು 15.5 ಚದರ ಮೀಟರಿನಲ್ಲಿ ಹರಡಿದರೆ ಚದರ ಮೀಟರಿಗೆ ಸುಮಾರು 195 ಕೆಜಿ. ಜನ ಓಡಾಡುವ ತಾರಸಿಗೆ ಸಾಮಾನ್ಯವಾಗಿ ಹಿಡಿಯುವ ಹೊರೆ 150 ಕೆಜಿ. ಅಂದರೆ ಗಾಳಿಗೆ ಸಾಕಾಗುವಷ್ಟು ಬ್ಲಾಕ್ ಇಟ್ಟರೆ ಸ್ಲ್ಯಾಬಿಗೆ ಜಾಸ್ತಿ, ಸ್ಲ್ಯಾಬಿಗೆ ಸರಿಯಾಗುವಷ್ಟು ಇಟ್ಟರೆ ಗಾಳಿಗೆ ಕಡಿಮೆ.

ಬರೀ ತೂಕದ ಮೇಲೆ ನಿಲ್ಲುವ ವ್ಯವಸ್ಥೆ ಇಲ್ಲವೇ ಇಲ್ಲ ಅಂತಲ್ಲ. ಓರೆ 5–10 ಡಿಗ್ರಿಗೆ ಇಳಿಸಿ, ನೆಲಕ್ಕೆ ಹತ್ತಿರ ಕೂರಿಸಿ, ಹಿಂಬದಿಗೆ ಗಾಳಿ ತಡೆಯುವ ಶೀಟ್ ಮುಚ್ಚಿ, ಎಲ್ಲ ಸಾಲುಗಳನ್ನು ಒಂದಕ್ಕೊಂದು ಕಟ್ಟಿದ ವ್ಯವಸ್ಥೆಗಳಿವೆ. ಅವಕ್ಕೆ ಎಳೆತ ಬಹಳ ಕಡಿಮೆ, ಪರೀಕ್ಷೆ ಮಾಡಿದ ಲೆಕ್ಕವೂ ಜೊತೆಗೆ ಬರುತ್ತೆ. ಅಡಿ ತೆರೆದ 15 ಡಿಗ್ರಿ ಫ್ರೇಮನ್ನು ಸುಮ್ನೆ ಎಂಟು ಬ್ಲಾಕ್ ಮೇಲೆ ಕೂರಿಸುವುದು ಬೇರೆ ವಿಷಯ.

ಇಷ್ಟೆಲ್ಲ ಎಳೆತ ಸ್ಲ್ಯಾಬಿಗೆ ಬಿದ್ದರೆ ಸ್ಲ್ಯಾಬೇ ಬಿರುಕು ಬಿಡಲ್ವಾ?

ಇಲ್ಲ. 125 ಮಿ.ಮೀ. ಸ್ಲ್ಯಾಬಿನ ಸ್ವಂತ ತೂಕವೇ ಚದರ ಮೀಟರಿಗೆ 300 ಕೆಜಿ ಮೇಲೆ, ಗಾರೆ ಪದರ ಬೇರೆ. ಗಾಳಿ ಎಳೆಯುವುದು 130. ಒಟ್ಟಿನಲ್ಲಿ ಸ್ಲ್ಯಾಬಿನ ಮೇಲಿನ ಭಾರ ಕೆಳಮುಖವಾಗಿಯೇ ಇರುತ್ತೆ. ಆದರೂ ಕಾಲುಗಳು ಬೀಮ್ ಮೇಲೋ ಗೋಡೆಯ ಮೇಲೋ ಬರುವ ಹಾಗೆ ನೋಡಿಕೊಂಡರೆ ಒಳ್ಳೆಯದು. ಗೋಡೆಯಿಂದ ಹೊರಗೆ ಚಾಚಿದ ಸಜ್ಜಾದ ಮೇಲೆ ಮಾತ್ರ ಕಾಲು ಇಡಲೇಬೇಡಿ.

ಯಾವ ಸೀಲಂಟ್ ಒಳ್ಳೆಯದು?

ತಾರಸಿಯ ಬೋಲ್ಟ್ ಬಾಯಿಗೆ ಪಾಲಿಯುರೆಥೇನ್ ಸೀಲಂಟ್. ಹಿಗ್ಗಿ ಕುಗ್ಗುತ್ತೆ, ಕಾಂಕ್ರೀಟಿಗೆ ಚೆನ್ನಾಗಿ ಹಿಡಿಯುತ್ತೆ. ಒಣ ಮೈಗೆ ಹಾಕಬೇಕು, ಹುಡಿ ಇರಬಾರದು, ಪ್ರೈಮರ್ ಹೇಳಿದ್ದರೆ ಹಾಕಬೇಕು. ವಿನಿಗರ್ ವಾಸನೆ ಬರುವ ಮಾಮೂಲಿ ಸಿಲಿಕೋನ್ ಬೇಡ. ಅದರಿಂದ ಹೊರಬರುವ ಆಮ್ಲ ಫ್ರೇಮಿನ ಸತುವಿನ ಲೇಪನವನ್ನು ತಿನ್ನುತ್ತೆ, ಕಾಂಕ್ರೀಟಿಗೂ ಸರಿಯಾಗಿ ಅಂಟಲ್ಲ. ವೈಟ್ ಸಿಮೆಂಟ್ ಸೀಲಂಟೇ ಅಲ್ಲ.

ಜಾಗವೂ ಮುಖ್ಯ. ಪ್ಲೇಟ್ ಬಿಗಿದ ಮೇಲೆ ಸುತ್ತ ಬಳಿಯುವುದಕ್ಕಿಂತ, ಪ್ಲೇಟ್ ಕೂರಿಸುವ ಮೊದಲೇ ತೂತಿನ ಸುತ್ತ ಒಂದು ಸುತ್ತು ಹಾಕಿ ಅದರ ಮೇಲೆ ಪ್ಲೇಟ್ ಒತ್ತಿದರೆ ಬಿಸಿಲು ಅದನ್ನು ಮುಟ್ಟುವುದಿಲ್ಲ, ಬಾಳಿಕೆ ಜಾಸ್ತಿ.

ಆಗಲೇ ಬೋಲ್ಟ್ ಹೊಡೆದಾಗಿದೆ, ಈಗ ಸೋರುತ್ತಿದೆ. ಯಾವ ಬೋಲ್ಟಿನಿಂದ ಅಂತ ಹೇಗೆ ಗೊತ್ತಾಗುತ್ತೆ?

ಕೆಳಗೆ ಒದ್ದೆಯಾದ ಜಾಗದ ನೇರ ಮೇಲಿನ ಬೋಲ್ಟನ್ನೇ ದೂರಬೇಡಿ. ನೀರು ಗಾರೆ ಪದರ ಮತ್ತು ಸ್ಲ್ಯಾಬಿನ ನಡುವೆ ಅಡ್ಡಡ್ಡ ಹರಿದು ಎಲ್ಲೋ ಸಿಕ್ಕ ಬಿರುಕಿನಲ್ಲಿ ಇಳಿದಿರಬಹುದು. ಒಣ ಹವೆಯಲ್ಲಿ ಒಂದೊಂದು ಕಾಲಿನ ಸುತ್ತ ಜೇಡಿಮಣ್ಣಿನಲ್ಲೋ ಗಾರೆಯಲ್ಲೋ ಸಣ್ಣ ಕಟ್ಟೆ ಕಟ್ಟಿ, ಎರಡು ಬೆರಳು ಎತ್ತರ ನೀರು ನಿಲ್ಲಿಸಿ, ಒಂದು ದಿನ ಬಿಡಿ. ಕೆಳಗೆ ಒದ್ದೆ ಬಂತಾ? ಇಲ್ಲದಿದ್ದರೆ ಮುಂದಿನ ಕಾಲಿಗೆ ಹೋಗಿ. ಎರಡು ಕಾಲಿಗೆ ಒಂದೇ ದಿನ ನೀರು ನಿಲ್ಲಿಸಿದರೆ ಯಾವುದು ಅಂತ ಮತ್ತೆ ಗೊಂದಲ. ಸೀಲಿಂಗಿನ ಕಲೆ ಬರೀ ಬಿಳಿ ಉಪ್ಪಾಗಿದ್ದರೆ ನೀರು ಕಾಂಕ್ರೀಟಿನಲ್ಲಿ ಓಡಾಡಿದೆ ಅಂತ, ಕಂದು ಬಣ್ಣ ಇದ್ದರೆ ಬೋಲ್ಟೋ ಕಂಬಿಯೋ ತುಕ್ಕು ಹಿಡಿಯುತ್ತಿದೆ ಅಂತ. ಎರಡನೆಯದಕ್ಕೆ ಕಾಯುತ್ತಾ ಕೂರಬೇಡಿ.

ಸಿಕ್ಕ ಮೇಲೆ ಮೇಲಿಂದ ಮೆತ್ತಿ ಮುಗಿಸುವುದು ಒಂದು ಮಳೆಗಾಲದ ಕೆಲಸ. ಸರಿಯಾದದ್ದು ಆ ಕಾಲನ್ನು ತಾತ್ಕಾಲಿಕವಾಗಿ ಎತ್ತಿ ಹಿಡಿದು, ಬೋಲ್ಟ್ ಕತ್ತರಿಸಿ, ತೂತು ತುಂಬಿ, ಮೇಲೆ ಹೇಳಿದ ಪೆಡೆಸ್ಟಲ್ ಮಾಡಿ ಕೂರಿಸುವುದು. ಕಾಲು ಗಿಡ್ಡ ಮಾಡಬೇಕಾಗುತ್ತೆ, ಕತ್ತರಿಸಿದ ತುದಿಗೆ ಜಿಂಕ್ ಪೇಂಟ್ ಬಳಿಯಿರಿ.

ಬೋಲ್ಟ್ ಗಟ್ಟಿ ಹಿಡಿದಿದೆಯಾ ಅಂತ ಪರೀಕ್ಷೆ ಹೇಗೆ?

ಸರಿಯಾದ ದಾರಿ ಪುಲ್ ಟೆಸ್ಟ್. ಬೋಲ್ಟಿಗೆ ಸಣ್ಣ ಹೈಡ್ರಾಲಿಕ್ ಜಾಕ್ ಸಿಕ್ಕಿಸಿ ಗೇಜ್ ನೋಡುತ್ತ ಎಳೆಯುವುದು. ಎಲ್ಲ ಬೋಲ್ಟಿಗೂ ಬೇಡ, ಪದರ ದಪ್ಪ ಇರುವ ಮೂಲೆಯ ಒಂದೆರಡು ಸಾಕು. ಹೊರಬೇಕಾದ ಭಾರದ ಒಂದೂವರೆ ಪಟ್ಟಿಗೆ ಎಳೆದು ಕೆಲ ನಿಮಿಷ ಹಾಗೇ ಇಟ್ಟಾಗ ಗೇಜ್ ಮುಳ್ಳು ಇಳಿಯಬಾರದು.

ಆ ಸಲಕರಣೆ ಇಲ್ಲದಿದ್ದರೆ ಟಾರ್ಕ್ ವ್ರೆಂಚ್ ಸ್ವಲ್ಪ ಮಟ್ಟಿಗೆ ಹೇಳುತ್ತೆ. ಎಕ್ಸ್‌ಪ್ಯಾನ್ಶನ್ ಬೋಲ್ಟನ್ನು ಅದರ ಕಂಪನಿ ಹೇಳಿದ ಟಾರ್ಕಿಗೆ ಬಿಗಿಯಿರಿ. ಎರಡು ಮೂರು ಸುತ್ತಿಗೆ ಗಟ್ಟಿಯಾಗಿ ನಿಂತರೆ ಸರಿ. ನಟ್ ತಿರುಗುತ್ತಲೇ ಇದ್ದು, ಬೋಲ್ಟಿನ ಥ್ರೆಡ್‌ಗಳು ಮೇಲೆ ಮೇಲೆ ಕಾಣುತ್ತಾ ಬಂದರೆ ಬೋಲ್ಟೇ ಮೇಲೆ ಬರುತ್ತಿದೆ ಅಂತ. ಅದು ಸೋತ ಬೋಲ್ಟ್, ಲೆಕ್ಕದಿಂದ ತೆಗೆದುಬಿಡಿ.

ತಾರಸಿಯ ಅಂಚಿನವರೆಗೆ ಪ್ಯಾನೆಲ್ ಹಾಕಬಹುದಾ?

ಬೇಡ. ಗಾಳಿ ಕಟ್ಟಡದ ಅಂಚಿಗೆ ಬಡಿದು ಸುಳಿಯಾಗುತ್ತದೆ, ಮೂಲೆಗಳಲ್ಲಿ ಎಳೆತ ಎಲ್ಲಕ್ಕಿಂತ ಜಾಸ್ತಿ. ನಮ್ಮ ಉದಾಹರಣೆಯಲ್ಲಿ 1.4 ಹಿಡಿದ ಗುಣಾಂಕ ಮೂಲೆಯ ಪ್ಯಾನೆಲ್‌ಗೆ 1.8 ಆಯಿತು ಅನ್ನಿ. 912 × 1.8, ಅಂದರೆ 1640 ನ್ಯೂಟನ್. ಬಹಳಷ್ಟು ಪ್ಯಾನೆಲ್‌ಗಳ ಹಿಂಬದಿಯ ಪರೀಕ್ಷೆ 2400ಕ್ಕೆ ನಡೆದಿರುತ್ತೆ, ಒಂದೂವರೆ ಪಟ್ಟು ಸುರಕ್ಷತೆ ಕಳೆದರೆ ಬಳಸಬಹುದಾದ್ದು 1600. ಅಂದರೆ ಬೋಲ್ಟ್ ಎಷ್ಟೇ ಗಟ್ಟಿ ಇದ್ದರೂ ಆ ಮೂಲೆಯಲ್ಲಿ ಪ್ಯಾನೆಲ್ಲೇ ತನ್ನ ಮಿತಿ ದಾಟುತ್ತದೆ.

ಅದೂ ಪ್ಯಾನೆಲನ್ನು ಫ್ರೇಮಿಗೆ ಹಿಡಿದಿಡುವ ಕ್ಲಾಂಪ್ ಸರಿಯಾದ ಜಾಗದಲ್ಲಿದ್ದರೆ ಮಾತ್ರ. ಪ್ಯಾನೆಲ್ ಕೈಪಿಡಿಯಲ್ಲಿ ಉದ್ದದ ಬದಿಯಲ್ಲಿ ಎಲ್ಲಿಂದ ಎಲ್ಲಿಯವರೆಗೆ ಕ್ಲಾಂಪ್ ಹಾಕಬೇಕು ಅಂತ ಚಿತ್ರ ಇರುತ್ತೆ, ಸಾಮಾನ್ಯವಾಗಿ ತುದಿಯಿಂದ ಕಾಲು ಭಾಗದ ಆಸುಪಾಸು. ಪ್ಯಾನೆಲ್ ಹೊರುವ ಅಡ್ಡ ಪಟ್ಟಿ, ಅಂದರೆ ಪರ್ಲಿನ್, ಸಿಕ್ಕ ಕಡೆ ಕ್ಲಾಂಪ್ ಹಾಕುವುದಲ್ಲ, ಕ್ಲಾಂಪ್ ಬೇಕಾದ ಕಡೆ ಪರ್ಲಿನ್ ಇರಬೇಕು. ಅಂಚಿನಿಂದ ಒಂದು ಮೀಟರ್ ಆದರೂ ಬಿಟ್ಟರೆ ಓಡಾಡಲಿಕ್ಕೂ ಆಗುತ್ತೆ.

ಕೆಳಗೆ ಓಡಾಡುವ ಹಾಗೆ ಎತ್ತರಿಸಿ ಕಟ್ಟಿದರೆ?

ಕಟ್ಟಬಹುದು, ಆದರೆ ಮೇಲಿನ ಲೆಕ್ಕ ಅದಕ್ಕೆ ಸಾಲದು. ಕಾಲು ಎರಡೂವರೆ ಮೀಟರ್ ಆದರೆ ಪಕ್ಕಕ್ಕೆ ತಳ್ಳುವ ಗಾಳಿ ಕಾಲಿನ ಬುಡವನ್ನು ಮೀಟುತ್ತದೆ. ಆಗ ಬೇಸ್ ಪ್ಲೇಟಿನ ಒಂದು ಬದಿಯ ಎರಡು ಬೋಲ್ಟ್ ಎಳೆತ ಹೊರುತ್ತವೆ, ಇನ್ನೊಂದು ಬದಿ ಬರೀ ಒತ್ತುತ್ತದೆ. ಕಾಲುಗಳನ್ನು ಓರೆಯಾಗಿ ಜೋಡಿಸುವ ಅಡ್ಡ ಬ್ರೇಸಿಂಗ್ ಎರಡೂ ದಿಕ್ಕಿಗೆ ಬೇಕು. ಓಡಾಟಕ್ಕೆ ಅಡ್ಡ ಬರುತ್ತೆ ಅಂತ ಬ್ರೇಸಿಂಗ್ ಬಿಚ್ಚಿಸುವವರು ಇದ್ದಾರೆ, ಬಿಚ್ಚಿಸುವುದಾದರೆ ಕಾಲಿನ ಸೆಕ್ಷನ್ನೂ ಬೇಸ್ ಪ್ಲೇಟೂ ದೊಡ್ಡದಾಗಬೇಕು. ಕಾಲುಗಳು ಬೀಮ್ ಮೇಲೆ ಇರಲೇಬೇಕು. ಕೈಯಲ್ಲಿ ಒಂದು ಕಾಲನ್ನು ಅಲುಗಿಸಿ ನೋಡಿ, ತಲೆಯ ಕಡೆ ಫ್ರೇಮ್ ತೂಗಿದರೆ ಬ್ರೇಸಿಂಗ್ ಸಾಲದು.

ಹಾಕಿಸಿದ ಮೇಲೆ ಏನೇನು ನೋಡುತ್ತಿರಬೇಕು?

ಮಳೆಗಾಲಕ್ಕೆ ಮುಂಚೆ ಒಂದು ಸಲ, ದೊಡ್ಡ ಗಾಳಿ ಬಂದು ಹೋದ ಮೇಲೆ ಒಂದು ಸಲ. ಬಿಗಿದ ದಿನವೇ ನಟ್ಟಿನಿಂದ ಪ್ಲೇಟಿನವರೆಗೆ ಪೇಂಟ್ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದಿಟ್ಟರೆ ಕೆಲಸ ಸುಲಭ, ಗೆರೆ ಮುರಿದಿದ್ದರೆ ನಟ್ ತಿರುಗಿದೆ. ಹಿಂದಿನ ಸಾಲಿನ ಕಾಲುಗಳಿಂದ ಶುರು ಮಾಡಿ, ತುದಿಯ ಕ್ಲಾಂಪುಗಳನ್ನು ನೋಡಿ. ಪೆಡೆಸ್ಟಲ್ ಬುಡದ ಕೋಟಿಂಗ್ ಎದ್ದಿದೆಯಾ ಅಂತ ಉಗುರಿನಿಂದ ಕೆರೆದು ನೋಡಿ. ಮುರಿದ ಗೆರೆ ಒಂದೇ ಕಾಲಿನಲ್ಲಿ ಪದೇ ಪದೇ ಕಂಡರೆ ಮತ್ತೆ ಮತ್ತೆ ಬಿಗಿಯುತ್ತಾ ಹೋಗಬೇಡಿ. ಆ ಕಾಲಿನ ಬೋಲ್ಟ್ ಮೇಲೆ ಬರುತ್ತಿರಬಹುದು, ಇಲ್ಲವೇ ಪ್ಲೇಟಿನ ಕೆಳಗೆ ಟೊಳ್ಳಿರಬಹುದು. ಸುತ್ತಿಗೆಯಿಂದ ಪ್ಲೇಟಿನ ಪಕ್ಕ ಮೆಲ್ಲಗೆ ತಟ್ಟಿ, ಟೊಳ್ಳು ಸದ್ದು ಬಂದರೆ ಪ್ಲೇಟ್ ಎತ್ತಿ ಕುಗ್ಗದ ಗ್ರೌಟ್ ತುಂಬಿಸಿ, ಬೋಲ್ಟ್ ಬದಲಿಸಿ.